ಟಾರ್ಚು ದಾರಿಗೆ, ಬತ್ತಿ ಉಸಿರಿಗೆ

ಹೋದ ಫೆಬ್ರವರಿಯ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದು, ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟು, 11 ನಿಮಿಷದ ಸಾಕ್ಷ್ಯಚಿತ್ರವೊಂದನ್ನು ತೋರಿಸಿದಳು. ಕಾಸರಗೋಡಿನ ಬಾಯಾರಿನ ಕಡೆ ಸುರಂಗ ತೋಡುವ ಹಿರಿಯರೊಬ್ಬರ ಕಥೆ. ಚಿತ್ರೀಕರಣ ಮುಗಿದಿತ್ತು, ಸಂಕಲನವೂ ಮುಕ್ಕಾಲು ಮುಗಿದಿತ್ತು. ನಿರೂಪಣೆ ಮಾತ್ರ ಬಾಕಿ. "ಮಾಷ್ಟ್ರೇ, ನೀವು ಆಕಾಶವಾಣಿಗೆ ಅಷ್ಟು ವರ್ಷ ಬರೆದವರು. ಇದನ್ನೂ ಬರೆದುಕೊಡಿ" ಎಂದಳು. ಆ ಅಷ್ಟು ವರ್ಷಗಳೇ ನನಗೆ ತೊಡಕಾದಾವೆಂದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು. ಕಾಸರಗೋಡಿನ ಉತ್ತರ ಭಾಗದಲ್ಲಿ, ಅದಕ್ಕೆ ಅಂಟಿಕೊಂಡ ದಕ್ಷಿಣ ಕನ್ನಡದ ಅಂಚಿನಲ್ಲಿ, ಸುರಂಗವೆಂದರೆ ರೈಲು ಹೋಗುವುದಲ್ಲ. ಮುರಕಲ್ಲಿನ ಗುಡ್ಡದೊಳಕ್ಕೆ ಅಡ್ಡಲಾಗಿ ತೋಡಿದ, ಒಬ್ಬ ಮನುಷ್ಯ ಹೊಕ್ಕು ನಡೆಯುವಷ್ಟೇ ಅಗಲದ ನೀರಿನ ದಾರಿ. ಬಾವಿಯನ್ನು ಮಲಗಿಸಿದ ಹಾಗೆ ಎನ್ನಬಹುದು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಗುಡ್ಡ ಕುಡಿದಿಟ್ಟುಕೊಂಡ ನೀರು ಕಲ್ಲಿನ ಸಂದಿಗಳಿಂದ ಒಸರಿ, ಸುರಂಗದ ತಳದ ಸಣ್ಣ ಇಳಿಜಾರಿನಲ್ಲಿ ತಾನಾಗಿ ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ.

ಎರಡು ದಿನ ಕೂತು ನಾನು ನಿರೂಪಣೆ ಬರೆದೆ. ಅದರ ಆರಂಭ ಹೀಗಿತ್ತು:

"ಇದು ಕಾಸರಗೋಡು ಜಿಲ್ಲೆಯ ಒಂದು ಗುಡ್ಡ. ಬಿಸಿಲಿಗೆ ಹುಲ್ಲೆಲ್ಲ ಒಣಗಿ ಹಳದಿಯಾಗಿದೆ. ಗುಡ್ಡದ ಬುಡದಲ್ಲಿ ಕಾಣುತ್ತಿದೆ ಒಂದು ಕಿರಿದಾದ ಬಾಯಿ. ಎಪ್ಪತ್ತಾರು ವರ್ಷದ ಈ ಅಜ್ಜ ತಲೆಗೆ ಟಾರ್ಚ್ ಕಟ್ಟಿಕೊಂಡು, ಕೈಯಲ್ಲಿ ಮೇಣದಬತ್ತಿ ಹಿಡಿದು, ನಿಧಾನವಾಗಿ ಒಳಗೆ ಹೆಜ್ಜೆಯಿಡುತ್ತಾರೆ. ಒಳಗೆ ಕಗ್ಗತ್ತಲೆ. ಕಾಲಡಿಯಲ್ಲಿ ತಣ್ಣನೆಯ ನೀರು ಹರಿಯುತ್ತಿದೆ."

ನನಗೆ ಚೆನ್ನಾಗಿಯೇ ಕಂಡಿತ್ತು. ಮೊಬೈಲಿನಲ್ಲಿ ನಾನೇ ಓದಿ ಕಳಿಸಿದೆ. ಅವಳು ಅದನ್ನು ಚಿತ್ರದ ಮೇಲೆ ಕೂರಿಸಿಕೊಂಡು ಮರುವಾರ ಬಂದಳು. ಓಡಿಸಿದಳು, ನಿಲ್ಲಿಸಿದಳು, ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮಾಷ್ಟ್ರೇ, ಕಣ್ಣು ಮುಚ್ಚಿಕೊಂಡು ಕೂತರೂ ಎಲ್ಲ ಗೊತ್ತಾಗುತ್ತದೆ. ಹಾಗಾದರೆ ನಾವು ಕ್ಯಾಮೆರಾ ಹೊತ್ತುಕೊಂಡು ಅಷ್ಟು ದೂರ ಹೋದದ್ದು ಯಾಕೆ?"

ಬೇಸರವಾಯಿತು, ಸುಳ್ಳು ಹೇಳಲಾರೆ. ಆದರೆ ಅವಳ ಮಾತು ನಿಜ. ರೇಡಿಯೋದಲ್ಲಿ ಹುಲ್ಲು ಒಣಗಿದ್ದನ್ನು ನಾನು ಹೇಳದಿದ್ದರೆ ಕೇಳುಗನಿಗೆ ಹುಲ್ಲೇ ಇಲ್ಲ. ಕಣ್ಣಿನ ಕೆಲಸವನ್ನೂ ಮಾತೇ ಮಾಡಬೇಕು. ಅದೇ ಕೈಯಿಂದ ಚಿತ್ರಕ್ಕೆ ಬರೆದೆ. ಇನ್ನೊಂದು ಕಾರಣವೂ ಇದೆ. ನಮ್ಮ ತಲೆಮಾರಿನವರು ಸಾಕ್ಷ್ಯಚಿತ್ರವೆಂದು ಮೊದಲು ನೋಡಿದ್ದೇ ಟಾಕೀಸಿನಲ್ಲಿ ಸಿನಿಮಾಕ್ಕೆ ಮುಂಚೆ ಬರುತ್ತಿದ್ದ ಫಿಲ್ಮ್ಸ್ ಡಿವಿಷನ್ನಿನ ಚಿತ್ರಗಳನ್ನು. 1948ರಲ್ಲಿ ಶುರುವಾದ ಆ ಸಂಸ್ಥೆ ಒಂದೇ ಚಿತ್ರವನ್ನು ಹಲವು ಭಾಷೆಗಳ ಮಾತು ಹಚ್ಚಿ ದೇಶವಿಡೀ ಕಳಿಸುತ್ತಿತ್ತು. ಅಣೆಕಟ್ಟು ಕಾಣಿಸಿದಾಗ "ಇದು ಅಣೆಕಟ್ಟು" ಎನ್ನುವ ಗಂಭೀರ ಗಂಡು ಧ್ವನಿಯೊಂದು ನಮ್ಮ ಕಿವಿಯಲ್ಲಿ ಕೂತುಬಿಟ್ಟಿದೆ. ನಿರೂಪಣೆ ಬರೆ ಎಂದರೆ ಅದೇ ಎದ್ದು ಬರುತ್ತದೆ.

ನನ್ನ ದಾರಿ ತಿರುಗಿದ್ದು ತಾಳಮದ್ದಲೆಯಿಂದ, ವೇಷ ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನದಿಂದ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿ ಅದಕ್ಕೆ ಮಾತಿನಲ್ಲಿ ಅರ್ಥ ಹೇಳುತ್ತಾನೆ. ಪದದಲ್ಲಿ ಬಂದದ್ದನ್ನೇ ಗದ್ಯ ಮಾಡಿ ಒಪ್ಪಿಸುವವನನ್ನು ನಮ್ಮ ಸಭೆ ಎರಡು ಸುತ್ತು ಸಹಿಸಿ, ಮೂರನೆಯದಕ್ಕೆ ಚಹಾ ಕುಡಿಯಲು ಎದ್ದುಹೋಗುತ್ತದೆ. ಕರ್ಣನ ಪದಕ್ಕೆ ಅರ್ಥ ಹೇಳುವವನು, ಪದ ಹೇಳದೆ ಬಿಟ್ಟದ್ದನ್ನು, ಆ ಕ್ಷಣದಲ್ಲಿ ಕರ್ಣನಿಗೆ ನೆನಪಾದೀತೆನ್ನುವುದನ್ನು ತರುತ್ತಾನೆ. ಚಿತ್ರವನ್ನು ಪದವೆಂದುಕೊಂಡೆ. ಭಾಗವತರು ಹೇಳಿ ಮುಗಿಸಿದ್ದಾರೆ. ಈಗ ನಾನೇನು ಹೇಳಲಿ?

ಒಂದು ದೊಡ್ಡ ಹಾಳೆಯನ್ನು ನಡುವೆ ಗೆರೆ ಎಳೆದು ಎರಡು ಮಾಡಿದೆ. ಎಡಕ್ಕೆ ಪ್ರತಿ ದೃಶ್ಯ, ಅದು ಎಷ್ಟು ಸೆಕೆಂಡು ಎನ್ನುವ ಲೆಕ್ಕ. ಬಲಕ್ಕೆ ನನ್ನ ವಾಕ್ಯ. ಇದು ಚಿತ್ರದವರೆಲ್ಲ ಮಾಡುವ ಹಾಳೆಯೇ. ನಾನು ಸೇರಿಸಿದ್ದು ಒಂದು ಪರೀಕ್ಷೆ. ಮೊದಲು ಧ್ವನಿ ಮುಚ್ಚಿ ಬರೀ ಚಿತ್ರ ನೋಡಿದೆ, ತಿಳಿದದ್ದನ್ನೆಲ್ಲ ಎಡಗಡೆ ಬರೆದೆ. ಮರುದಿನ ಪರದೆಯನ್ನು ಬಟ್ಟೆಯಿಂದ ಮುಚ್ಚಿ ಬರೀ ನಿರೂಪಣೆ ಕೇಳಿದೆ, ತಿಳಿದದ್ದನ್ನು ಬಲಗಡೆ ಬರೆದೆ. ಎರಡೂ ಕಡೆ ಬಂದದ್ದಕ್ಕೆ ಕೆಂಪು ಪೆನ್ಸಿಲು. "ಇದು", "ಇಲ್ಲಿ", "ಕಾಣುತ್ತಿದೆ" ಎಂಬ ಮೂರು ಮಾತುಗಳು ಬಂದಲ್ಲೆಲ್ಲ ಪೆನ್ಸಿಲು ತಾನಾಗಿ ಎದ್ದಿತು. ನನ್ನ ಮೊದಲ ಕರಡಿನಲ್ಲಿ 740 ಪದಗಳಿದ್ದವು. ನಾನು ಓದುವ ವೇಗ ನಿಮಿಷಕ್ಕೆ 88 ಪದದ ಆಸುಪಾಸು (ಕನ್ನಡದ ಪದಗಳು ವಿಭಕ್ತಿ, ಪ್ರತ್ಯಯಗಳನ್ನೆಲ್ಲ ಬಾಲಕ್ಕೆ ಕಟ್ಟಿಕೊಂಡು ಉದ್ದವಾಗುವುದರಿಂದ ಇಂಗ್ಲಿಷಿನವರು ಕೊಡುವ ಪದಗಳ ಲೆಕ್ಕ ನಮಗೆ ಹೊಂದುವುದಿಲ್ಲ. ನಿಮ್ಮದನ್ನು ನೀವೇ ಗಡಿಯಾರ ಹಿಡಿದು ನೋಡಬೇಕು). ಅಂದರೆ 11 ನಿಮಿಷದ ಚಿತ್ರದಲ್ಲಿ ಎಂಟೂವರೆ ನಿಮಿಷ ನನ್ನದೇ ಮಾತು! ಆ ಅಜ್ಜನಿಗೂ ನೀರಿನ ಸದ್ದಿಗೂ ಉಳಿದದ್ದು ಎರಡೂವರೆ.

ಕೆಂಪು ಗೆರೆ ಬಿದ್ದ ಮೇಲೆ ಬಲಗಡೆ ಹೆಚ್ಚೇನೂ ಉಳಿಯಲಿಲ್ಲ. ಖಾಲಿ ಜಾಗದಲ್ಲಿ ಏನು ಬರೆಯುವುದೆಂದು ಮತ್ತೆ ಎಡಗಡೆಯನ್ನು ಓದಿದಾಗ ಒಂದು ಸಾಲಿನ ಬಳಿ ಕೈ ನಿಂತಿತು: ತಲೆಗೆ ಟಾರ್ಚ್, ಕೈಯಲ್ಲಿ ಮೇಣದಬತ್ತಿ. ಎರಡನ್ನೂ ನಾನು ವರ್ಣಿಸಿದ್ದೆ. ತಲೆಯಲ್ಲಿ ಅಷ್ಟು ಪ್ರಖರವಾದ ಟಾರ್ಚ್ ಇರುವವರಿಗೆ ಮೇಣದಬತ್ತಿ ಯಾಕೆಂದು ನನಗೆ ಪ್ರಶ್ನೆಯೇ ಏಳಲಿಲ್ಲ. ವರ್ಣನೆಯ ಅಪಾಯ ಇದೇ. ಬರೆದಾಯಿತು ಎಂಬ ಸಮಾಧಾನ ಕೊಟ್ಟು, ನೋಡುವುದನ್ನೇ ನಿಲ್ಲಿಸಿಬಿಡುತ್ತದೆ.

ಸಂಕಲನದಲ್ಲಿ ಬಿಟ್ಟುಹೋದ ಸಂದರ್ಶನದ ತುಣುಕುಗಳನ್ನು ಕಳಿಸಲು ಹೇಳಿದೆ. ಉತ್ತರ ಅಲ್ಲಿತ್ತು. ಸುರಂಗ ಉದ್ದವಾದಷ್ಟು ಒಳಗಿನ ಗಾಳಿ ಕಡಿಮೆಯಾಗುತ್ತದೆ. ಬತ್ತಿಯ ಜ್ವಾಲೆ ಮನುಷ್ಯನಿಗಿಂತ ಮೊದಲು ಅದನ್ನು ತಿಳಿಯುತ್ತದೆ. ಜ್ವಾಲೆ ಕುಗ್ಗಿದರೆ ಅಲ್ಲಿಗೆ ಕೆಲಸ ನಿಲ್ಲಿಸಿ ಹೊರಗೆ ಬರಬೇಕು. ಇರಾನಿನ ಕನಾತ್ ಎಂಬ ನೆಲದಡಿಯ ನೀರಿನ ದಾರಿಗಳಲ್ಲಿ ಸಾಲಾಗಿ ಮೇಲಿನಿಂದ ಇಳಿಸಿದ ಕಂಡಿಗಳಿರುತ್ತವೆ, ಮಣ್ಣೆತ್ತುವುದಕ್ಕೂ ಗಾಳಿಗೂ ಅದೇ ದಾರಿ. ನಮ್ಮ ಬಹುಪಾಲು ಸುರಂಗಗಳಿಗೆ ಬಾಯಿ ಒಂದೇ. ಹಾಗಾಗಿ ಬತ್ತಿ. ಕನಾತಿನ ಈ ಹೋಲಿಕೆಯನ್ನು ಚಿತ್ರದಲ್ಲಿ ಹಾಕಲಿಲ್ಲ. ಮೊದಲ ಕರಡಿನಲ್ಲಿ "ಪರ್ಷಿಯಾದಿಂದ ಬಂದ ಈ ಪ್ರಾಚೀನ ತಂತ್ರ" ಎಂದು ಗತ್ತಿನಿಂದ ಬರೆದಿದ್ದೆ. ಅಲ್ಲಿಂದಲೇ ಬಂತೆಂದು ಸಾಧಿಸಿ ತೋರಿಸಿದವರಿಲ್ಲ, ನಮ್ಮ ಯಾವ ದೃಶ್ಯವೂ ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ತೆಗೆದೆ. ಆದರೆ ಕಂಡಿ ಇಲ್ಲದ್ದರಿಂದ ಬತ್ತಿ ಎಂಬುದು ನನಗೆ ಗೊತ್ತಿದ್ದದ್ದರಿಂದಲೇ ಮುಂದಿನ ವಾಕ್ಯವನ್ನು ಧೈರ್ಯದಿಂದ ಚಿಕ್ಕದು ಮಾಡಲು ಸಾಧ್ಯವಾಯಿತು.

ಟಾರ್ಚು ದಾರಿಗೆ. ಬತ್ತಿ ಉಸಿರಿಗೆ.

ನಾಲ್ಕು ಪದ, ಮೂರು ಸೆಕೆಂಡು. ಬರೆದದ್ದು ಅರ್ಧ ಗಂಟೆಯಲ್ಲಿ. ಎಲ್ಲಿ ಇಡುವುದೆಂದು ತೀರ್ಮಾನಿಸಲು ನಾಲ್ಕು ದಿನ ಹಿಡಿಯಿತು.

ಆ ಭಾಗದ ದೃಶ್ಯಗಳು ಮೂರು. ಅಜ್ಜ ಟಾರ್ಚ್ ಕಟ್ಟಿಕೊಂಡು ಬತ್ತಿ ಹಚ್ಚುವುದು, 9 ಸೆಕೆಂಡು. ಬಾಯಿಯೊಳಗೆ ಹೊಗುವುದು, 7 ಸೆಕೆಂಡು. ಒಳಗೆ ನಡೆಯುವುದು, ಕ್ಯಾಮೆರಾ ಹಿಂದಿನಿಂದ, 24 ಸೆಕೆಂಡು. ಮೊದಲು ವಾಕ್ಯವನ್ನು ಬತ್ತಿ ಹಚ್ಚುವಲ್ಲಿಗೇ ಇಟ್ಟೆವು. ನೆರೆಮನೆಯವರಿಗೆ ತೋರಿಸಿದಾಗ ಅವರು ತಲೆಯಾಡಿಸಿ ಮುಂದಕ್ಕೆ ನೋಡಿದರು, ಪಾಠದ ಒಂದು ಅಂಶ ಗುರುತು ಹಾಕಿಕೊಂಡ ಮಕ್ಕಳ ಹಾಗೆ. ಬತ್ತಿ ಯಾಕೆ ಎಂದು ಅವರಿಗೆ ಅನಿಸುವ ಮೊದಲೇ ಉತ್ತರ ಕೈಗಿಟ್ಟಿದ್ದೆವು. ಆಮೇಲೆ ತೀರಾ ಕೊನೆಗೆ, ಒಳಗಿನ ದೃಶ್ಯ ಮುಗಿಯುವ ಹೊತ್ತಿಗೆ ಇಟ್ಟು ನೋಡಿದೆವು. ಆಗ "ಓ, ಹಾಗಾ" ಎಂದರು, ಆದರೆ ಅಷ್ಟರಲ್ಲಿ ಜ್ವಾಲೆ ಪರದೆಯಿಂದ ಹೋಗಿಯಾಗಿತ್ತು. ತಿಳಿದ ಮೇಲೆ ನೋಡಲು ಏನೂ ಉಳಿದಿರಲಿಲ್ಲ.

ಕಡೆಗೆ ಅದು ಕೂತದ್ದು ಒಳಗಿನ ದೃಶ್ಯದ ನಾಲ್ಕನೆಯ ಸೆಕೆಂಡಿನಲ್ಲಿ. ಅಜ್ಜನ ಬೆನ್ನು ಬಾಯಿಯ ಬೆಳಕನ್ನು ಪೂರ್ತಿ ಮುಚ್ಚಿ, ಟಾರ್ಚಿನ ವೃತ್ತ ಗೋಡೆಗೆ ಬಿದ್ದು, ಬತ್ತಿ ಇನ್ನೂ ಕೈಯಲ್ಲೇ ಇದೆಯಲ್ಲ ಎಂದು ನೋಡುವವರಿಗೆ ಅನಿಸುವ ಹೊತ್ತು ಅದು. ವಾಕ್ಯ ಮುಗಿದ ಮೇಲೆ 17 ಸೆಕೆಂಡು ಯಾರೂ ಮಾತಾಡುವುದಿಲ್ಲ. ಕಾಲಿನಡಿಯ ನೀರು, ಅಜ್ಜನ ಉಸಿರು, ಜ್ವಾಲೆ. ಈ ಸಲ ನೆರೆಮನೆಯವರ ಕಣ್ಣು ಜ್ವಾಲೆಯನ್ನು ಬಿಟ್ಟು ಕದಲಲಿಲ್ಲ. ಒಮ್ಮೆ ಅದು ಸುಮ್ಮನೆ ಒಂದಿಷ್ಟು ಬಾಗುತ್ತದೆ, ಅಜ್ಜ ಕೈ ಬದಲಿಸಿದ್ದಕ್ಕೆ. ಮೂಲೆಯಲ್ಲಿ ಕೂತಿದ್ದ ಅಕ್ಕ "ಅಯ್ಯೋ" ಎಂದರು. ಅದೇ ದೃಶ್ಯ, ಅದೇ ಉದ್ದ. ಮೊದಲ ಕರಡಿನಲ್ಲಿ ಅಲ್ಲಿ "ಕಗ್ಗತ್ತಲೆ" ಎಂದು ನಾನು ಹೇಳುತ್ತಿದ್ದಾಗ ಯಾರೂ ಅದನ್ನು ನೋಡಿರಲಿಲ್ಲ.

ಹೊಸ ದೃಶ್ಯ ಬಂದ ಕೂಡಲೇ ಮಾತು ಶುರುಮಾಡಬಾರದೆಂಬುದನ್ನೂ ಆ ನಾಲ್ಕು ದಿನಗಳಲ್ಲೇ ಕಲಿತೆ. ಮೊದಲ ಒಂದೆರಡು ಸೆಕೆಂಡು ಕಣ್ಣು ಜಾಗ ಹುಡುಕುತ್ತಿರುತ್ತದೆ, ಆಗ ಕಿವಿಗೆ ಬಿದ್ದದ್ದು ಒಳಗೆ ಇಳಿಯುವುದಿಲ್ಲ.

ಇಲ್ಲಿ ಕನ್ನಡಕ್ಕೇ ಸೇರಿದ ಒಂದು ಪೇಚು ಎದುರಾಯಿತು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಿಶೇಷಣಗಳೆಲ್ಲ ಮೆರವಣಿಗೆಯಂತೆ ಮುಂದೆ ಸಾಗಿ, ನಾಮಪದ ಹಿಂದಿನಿಂದ ಬರುತ್ತದೆ. ಓದುವಾಗ ಇದು ಸುಖವೇ. ಆದರೆ ದೃಶ್ಯಕ್ಕೆ ಕೊನೆಯೆಂಬುದಿದೆ. ಸುರಂಗದ ನೀರು ಹೊರಗೆ ಬರುವ ದೃಶ್ಯಕ್ಕೆ ನಾನು ಬರೆದದ್ದು: "ಅಡಿಕೆ ಮರವನ್ನು ಸೀಳಿ ಮಾಡಿದ ದಂಬೆಯಲ್ಲಿ ಹರಿದು ಬರುತ್ತಿದ್ದ ನೀರು ಈಗ ಪ್ಲಾಸ್ಟಿಕ್ ಪೈಪಿನಲ್ಲಿ ಬರುತ್ತದೆ." ಹನ್ನೆರಡು ಪದ, ಎಂಟು ಸೆಕೆಂಡು. ದೃಶ್ಯ ಆರೇ ಸೆಕೆಂಡು. ಪರದೆಯಲ್ಲಿ ಪೈಪು ಇರುವಷ್ಟು ಹೊತ್ತೂ ನಾನು ದಂಬೆಯ ಕಥೆ ಹೇಳಿ, "ಪೈಪಿನಲ್ಲಿ ಬರುತ್ತದೆ" ಎನ್ನುವಾಗ ಪರದೆಗೆ ಕೆರೆ ಬಂದಿರುತ್ತದೆ. ಮಾತು ಮೆರವಣಿಗೆಯ ಕೊನೆಯಲ್ಲಿ ಏದುಸಿರು ಬಿಡುತ್ತ ಓಡಿಬರುವ ಬ್ಯಾಂಡಿನವನಂತೆ.

ಬೇಗ ಓದಿದರೆ ಸರಿಹೋಗುತ್ತದೆಂದು ಎಡಿಟರ್ ಹುಡುಗ ಹೇಳಿದ. ಸರಿಹೋಗಲಿಲ್ಲ, ಕೇಳಿದವರಿಗೆ ಉಸಿರು ಕಟ್ಟಿತು. ಮತ್ತೆ ಹಾಳೆ ನೋಡಿದೆ. ಪೈಪು ಎಡಗಡೆಯಲ್ಲೇ ಇದೆ, ಕಣ್ಣಿಗೆ ಕಾಣುತ್ತದೆ. ಪರದೆಯಲ್ಲಿ ಇಲ್ಲದಿರುವುದು ದಂಬೆ ಒಂದೇ. ಹಾಗಾದರೆ ಹೇಳಬೇಕಾದ್ದೂ ಅಷ್ಟೇ: "ಮೊದಲು ಅಡಿಕೆ ಮರದ ದಂಬೆ ಇತ್ತು." ಮೂರೂವರೆ ಸೆಕೆಂಡು. ದಂಬೆ ಎಂದಾಗ ಕಣ್ಣ ಮುಂದೆ ಪೈಪಿದೆ. ಬದಲಾವಣೆ ಎಂಬ ಪದವೇ ಇಲ್ಲದೆ ಬದಲಾವಣೆ ತಿಳಿಯುತ್ತದೆ.

ಪೇಚು ಕೊಟ್ಟ ಅದೇ ಕನ್ನಡ ಇನ್ನೊಂದು ಕಡೆ ಕೈ ಹಿಡಿಯಿತು. ನಾವು ಕರ್ತೃಪದವನ್ನು ಸಲೀಸಾಗಿ ಬಿಟ್ಟು ಮಾತಾಡುತ್ತೇವೆ. "ಬಂದರು" ಎಂದರೆ ಸಾಕು, ಯಾರೆಂಬುದು ಮುಂದಿರುವವನಿಗೆ ಗೊತ್ತು. ಚಿತ್ರದಲ್ಲಿ ಮುಂದಿರುವುದು ಪರದೆ. ಅಂದ ಮೇಲೆ ಕರ್ತೃವನ್ನು ಚಿತ್ರವೇ ಒದಗಿಸುತ್ತದೆ, ನಾನು ಕ್ರಿಯೆಯನ್ನಷ್ಟೇ ಕೊಟ್ಟರೆ ವಾಕ್ಯ ನೋಡುವವನ ತಲೆಯಲ್ಲಿ ಪೂರ್ತಿಯಾಗುತ್ತದೆ. ಅಜ್ಜನ ಮುಖದ ಮೇಲೆ ಮೊದಲು "ಎಪ್ಪತ್ತಾರು ವರ್ಷ ಪ್ರಾಯದ ಈ ಅಜ್ಜ ತಮ್ಮ ಹದಿನಾರನೆಯ ವಯಸ್ಸಿನಿಂದಲೇ ಈ ಕಾಯಕದಲ್ಲಿ ತೊಡಗಿಕೊಂಡವರು" ಎಂದಿದ್ದೆ. ಈಗ ಅಲ್ಲಿರುವುದು: "ಎಪ್ಪತ್ತಾರು ತುಂಬಿತು. ಮೊದಲ ಸುರಂಗ ಹೊಕ್ಕಾಗ ಹದಿನಾರು." ಯಾರಿಗೆ ತುಂಬಿತೆಂದು ಮುಖ ಹೇಳುತ್ತದೆ. ಈ ಕೆಲಸದಲ್ಲಿ ನಾನು ಕಂಡುಕೊಂಡದ್ದು ಏನಾದರೂ ಇದ್ದರೆ ಇಷ್ಟೇ. ಪರದೆಯಲ್ಲಿರುವುದು ನನ್ನ ವಾಕ್ಯದ ಮೊದಲರ್ಧ. ಅದನ್ನು ನಾನು ಮತ್ತೆ ಉಚ್ಚರಿಸಿದರೆ ಒಂದೇ ಕರ್ತೃ ಎರಡು ಸಲ ಬಂದು ವಾಕ್ಯ ತೊದಲುತ್ತದೆ.

ಇದು ಕೈಕೊಡುವ ಜಾಗವೂ ಇದೆ. ಅಜ್ಜ, ಅವರ ಅಳಿಯ ಇಬ್ಬರೂ ತೋಟದಲ್ಲಿ ನಿಂತಿರುವ ದೃಶ್ಯಕ್ಕೆ "ಇನ್ನು ತೋಡುವುದಿಲ್ಲ ಎಂದಿದ್ದಾರೆ" ಎಂದು ಬರೆದೆವು. ನೋಡಿದವರಲ್ಲಿ ಅರ್ಧ ಜನ ಅದು ಅಳಿಯನ ತೀರ್ಮಾನವೆಂದುಕೊಂಡರು, ಆ ಕ್ಷಣದಲ್ಲಿ ಅಳಿಯ ತಲೆ ತಗ್ಗಿಸಿದ್ದ ಕಾರಣಕ್ಕೆ. ಚೌಕಟ್ಟಿನಲ್ಲಿ ಇಬ್ಬರಿದ್ದರೆ ಕರ್ತೃ ಬೇಕು, ಅಥವಾ ಒಬ್ಬರೇ ಇರುವ ದೃಶ್ಯ ಬೇಕು. ಅಳಿಯನನ್ನು ಹೊರಗಿಟ್ಟ ಇನ್ನೊಂದು ದೃಶ್ಯ ಸಿಕ್ಕಿತು. ಗಡಿನಾಡಿನಲ್ಲಿ ಇರುವುದರಿಂದ ಮಲಯಾಳದ ಆವೃತ್ತಿಯೂ ಬೇಕಾಗಿತ್ತು. ಭಾಷಾಂತರಿಸಿದ ಗೆಳೆಯರಿಗೆ ಇದೇ ತಲೆನೋವು ದುಪ್ಪಟ್ಟಾಯಿತು. ನಮ್ಮ "ಬಂದರು, ಬಂದಳು, ಬಂತು" ಎಂಬ ಕೊನೆಗಳು ಕರ್ತೃವಿನ ಸುಳಿವನ್ನಾದರೂ ಉಳಿಸಿಕೊಳ್ಳುತ್ತವೆ. ಮಲಯಾಳದಲ್ಲಿ ಮೂರಕ್ಕೂ ಒಂದೇ "ವನ್ನು". ಅವರು ಕೆಲವು ಕಡೆ ಹೆಸರು ಸೇರಿಸಬೇಕಾಯಿತು, ಅಲ್ಲೆಲ್ಲ ಅರ್ಧ ಸೆಕೆಂಡಿಗೆ ನಮ್ಮಲ್ಲಿ ಜಗಳವಾಯಿತು.

ದೊಡ್ಡ ಜಗಳ ಇದಲ್ಲ. ಅಜ್ಜನ ಮನೆಯವರು ತೋಡಿದ ಸುರಂಗಗಳಲ್ಲಿ ಎರಡು ಬತ್ತಿಹೋಗಿವೆ. ನನ್ನ ಕರಡಿನಲ್ಲಿ "ಕೊಳವೆಬಾವಿಗಳ ಹಾವಳಿಯಿಂದ ಸುರಂಗಗಳು ಬತ್ತುತ್ತಿವೆ" ಎಂದಿತ್ತು. ಭಾಷಣಕ್ಕೆ ಒಳ್ಳೆಯದು. ಆದರೆ ನಿರೂಪಕನ ಧ್ವನಿಗೆ ಒಂದು ಹೆಚ್ಚಿನ ತೂಕವಿದೆ. ಅಜ್ಜ ಕ್ಯಾಮೆರಾದ ಮುಂದೆ ಹೇಳಿದರೆ ಅದು ಅಜ್ಜನ ಮಾತು. ಮುಖವಿಲ್ಲದ ಧ್ವನಿ ಹೇಳಿದರೆ ಅದು ಸತ್ಯವೆಂದಾಗುತ್ತದೆ. ಆ ಗುಡ್ಡದ ನೀರನ್ನು ನಾವು ಅಳೆದಿರಲಿಲ್ಲ. ಬೋರು ಕೊರೆದದ್ದೂ ನಿಜ, ನೀರು ನಿಂತದ್ದೂ ನಿಜ. ಒಂದರಿಂದ ಇನ್ನೊಂದಾಯಿತು ಎನ್ನುವುದಕ್ಕೆ ನಮ್ಮಲ್ಲಿದ್ದದ್ದು ಅಜ್ಜನ ನೆನಪು ಮಾತ್ರ. ಅಜ್ಜನ ನೆನಪೆಂದರೆ ಅರವತ್ತು ವರ್ಷದ ಅನುಭವ, ಹಗುರವಾದ್ದಲ್ಲ. ಆದರೂ ನೆನಪು ನೆನಪೇ.

ಕನ್ನಡದಲ್ಲಿ ಇದಕ್ಕೊಂದು ಎರಡಕ್ಷರದ ಉಪಾಯವಿದೆ. "ಎದುರು ಗುಡ್ಡದಲ್ಲಿ ಬೋರು ಕೊರೆದ ಮರುವರ್ಷ ಎರಡೂ ಬತ್ತಿದವಂತೆ." ಆ "ಅಂತೆ" ಒಂದೇ ಸಾಕು, ಹೊಣೆ ಯಾರದೆಂದು ಸ್ಪಷ್ಟ. "ಎಂದು ಹಿರಿಯರು ಅಭಿಪ್ರಾಯಪಡುತ್ತಾರೆ" ಎಂಬ ಪತ್ರಿಕೆಯ ಬಾಲ ಬೇಡ. ಇಡೀ ಚಿತ್ರದಲ್ಲಿ ಒಮ್ಮೆ ಮಾತ್ರ ಬಳಸಿದೆವು. ಎರಡನೆಯ ಸಲ ಬಂದರೆ ಅದು ಜಗಲಿ ಹರಟೆಯ ಧಾಟಿಗೆ ತಿರುಗುತ್ತದೆ, ಮೂರನೆಯ ಸಲಕ್ಕೆ ನಾವು ಅಜ್ಜನನ್ನು ನಂಬುವುದಿಲ್ಲವೇನೋ ಎನಿಸುತ್ತದೆ.

ಅಷ್ಟಾದರೂ ಒಂದು ಕೊಂಕು ಉಳಿದಿತ್ತು. ಆ ವಾಕ್ಯದ ಕೆಳಗಿದ್ದ ದೃಶ್ಯ ಬೋರು ಕೊರೆಯುವ ಲಾರಿಯದು, ಬಿಳಿ ಧೂಳು ಮುಗಿಲಿಗೇರುತ್ತಿತ್ತು. ಬೇರೆ ಯಾವುದೋ ಊರಿನಲ್ಲಿ ತೆಗೆದದ್ದು. ಮಾತು "ಅಂತೆ" ಎನ್ನುತ್ತಿತ್ತು, ಚಿತ್ರ ಬೆರಳು ತೋರಿಸಿ "ಇವರೇ" ಎನ್ನುತ್ತಿತ್ತು. ಚಿತ್ರ ಮತ್ತು ಮಾತು ಜಗಳಕ್ಕೆ ನಿಂತರೆ ಗೆಲ್ಲುವುದು ಚಿತ್ರವೇ. ಲಾರಿಯನ್ನು ತೆಗೆದು, ಜರಿಗಿಡ ಮುಚ್ಚಿಕೊಂಡ ಒಣ ಸುರಂಗದ ಬಾಯಿಯನ್ನು ಹಾಕಿದೆವು. ಲಾರಿಯ ದೃಶ್ಯಕ್ಕಾಗಿ ಒಂದು ದಿನ ಅಲೆದಿದ್ದ ಎಡಿಟರ್ ಹುಡುಗ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ.

ಅಂಕಿಗಳ ವಿಷಯದಲ್ಲಿ ನಾನು ಜಿಪುಣನಾದೆ. ಕಿವಿಗೆ ಬಿದ್ದ ಅಂಕಿ ನಿಲ್ಲುವುದು, ಅದನ್ನು ಹಿಡಿದಿಡಲು ಕಣ್ಣಿಗೆ ಏನಾದರೂ ಇದ್ದರೆ ಮಾತ್ರ. ಸುರಂಗದ ಉದ್ದ 48 ಕೋಲು. ಒಂದು ಕೋಲೆಂದರೆ ಸುಮಾರು 72 ಸೆಂಟಿಮೀಟರ್, ಒಟ್ಟು ಮೂವತ್ತನಾಲ್ಕೂವರೆ ಮೀಟರಿನಷ್ಟು. ಮೊದಲ ಕರಡಿನಲ್ಲಿ ಈ ಗುಣಾಕಾರವನ್ನೆಲ್ಲ ಕತ್ತಲೆಯ ದೃಶ್ಯದ ಮೇಲೆ ಹೇಳಿದ್ದೆ. ಕತ್ತಲೆಗೆ ಅಳತೆಯೆಲ್ಲಿ? ಅಜ್ಜ ಅಳತೆಯ ಕೋಲನ್ನು ನೆಲಕ್ಕೆ ಮಲಗಿಸಿ, ಎತ್ತಿ, ಮತ್ತೆ ಮಲಗಿಸುವ ದೃಶ್ಯ ಬೇರೆ ಕಡೆ ಇತ್ತು. ಅಂಕಿಯನ್ನು ಅಲ್ಲಿಗೆ ಸಾಗಿಸಿದೆ: "ನಲವತ್ತೆಂಟು ಕೋಲು. ಕೂಲಿಯೂ ಕೋಲಿನ ಲೆಕ್ಕ." ಕೋಲೆಂದರೆ ಎಷ್ಟೆಂದು ಕಣ್ಣು ನೋಡಿಕೊಳ್ಳುತ್ತದೆ, ಮೀಟರಿನ ಮಾತೇ ಬೇಡ. ತೋಡಿದಷ್ಟಕ್ಕೇ ಸಂಬಳ, ಗಟ್ಟಿ ಕಲ್ಲು ಬಂದರೆ ಅದು ತೋಡುವವನ ಕರ್ಮ ಎನ್ನುವುದು ಆ ಎರಡನೆಯ ವಾಕ್ಯದಲ್ಲಿ ಅಡಗಿದೆ. ಅಲ್ಲಿಗೆ ಹಿಂದಿನ ದೃಶ್ಯದಲ್ಲಿ ಪಿಕ್ಕಾಸು ಕಲ್ಲಿಗೆ ಬಡಿದು ಎಗರಿದ್ದು ನೋಡಿದವರಿಗೆ ಇನ್ನೊಮ್ಮೆ ನೆನಪಾದೀತು.

ಧ್ವನಿ ನನ್ನದು ಬೇಡವೆಂದು ನಾನೇ ಹೇಳಿದೆ. ನನ್ನ ಓದಿನಲ್ಲಿ ಪ್ರತಿ ಪದವೂ ಮುಖ್ಯವೆಂಬಂತೆ ಎದೆಯುಬ್ಬಿಸುತ್ತದೆ, ರೇಡಿಯೋದ ಚಾಳಿ. ಅವಳೇ ಓದಿದಳು, ತನ್ನ ಮನೆಯ ಬಟ್ಟೆಯ ಕಪಾಟಿನ ಬಾಗಿಲು ತೆರೆದು ಅದರೊಳಗೆ ತಲೆ ಇಟ್ಟುಕೊಂಡು. ಕೊನೆಯ ಲೆಕ್ಕಕ್ಕೆ 210 ಪದ ಉಳಿದವು. ಎರಡು ನಿಮಿಷ ಚಿಲ್ಲರೆ.

ಏಪ್ರಿಲಿನಲ್ಲಿ ಊರಿನ ವಾಚನಾಲಯದ ಅಂಗಳದಲ್ಲಿ, ಹೊದಿಕೆಯ ಮೇಲೆ ಚಿತ್ರ ಬಿಟ್ಟು ತೋರಿಸಿದೆವು. ಅಜ್ಜ ಮುಂದಿನ ಕುರ್ಚಿಯಲ್ಲಿ. ನಾನು ಪಕ್ಕದಲ್ಲಿ. ಬತ್ತಿಯ ಜಾಗದಲ್ಲಿ ಜನ ಸುಮ್ಮನಾದರು, ನನಗೆ ಒಳಗೊಳಗೇ ಸಂತೋಷ. ಅದಾದ ಮೇಲೆ ಸುರಂಗದ ಗೋಡೆಯ ಉದ್ದಕ್ಕೂ ಕ್ಯಾಮೆರಾ ಒಳಮುಖವಾಗಿ ಸಾಗುವ 14 ಸೆಕೆಂಡಿನ ದೃಶ್ಯ ಬರುತ್ತದೆ. ಒದ್ದೆ ಕೆಂಪು ಕಲ್ಲು, ಅದರ ಮೇಲೆ ಸಾವಿರಾರು ಪಿಕ್ಕಾಸಿನ ಗುರುತು. ಅಷ್ಟು ಚೆಂದದ ದೃಶ್ಯಕ್ಕೆ ಮಾತು ಯಾಕೆಂದು ಹೆಮ್ಮೆಯಿಂದಲೇ ಖಾಲಿ ಬಿಟ್ಟಿದ್ದೆವು. ಹಾಳೆಯ ಬಲಗಡೆ ನಾನು ಬರೆದಿದ್ದದ್ದು "ಮೌನ".

ಅಜ್ಜ ಕುರ್ಚಿಯ ತುದಿಗೆ ಬಂದು ಪರದೆಯತ್ತ ಕೈ ಚಾಚಿದರು. "ಮಾಷ್ಟ್ರೇ, ಎಡಕ್ಕೆ ವಾಲಿದ ಗುರುತೆಲ್ಲ ನನ್ನ ತಮ್ಮನದು. ಅವನು ಎಡಗೈಯವ."

ನಾನು ಆ ದೃಶ್ಯವನ್ನು ನಲವತ್ತು ಸಲವಾದರೂ ನೋಡಿದ್ದೆ.

"ತಮ್ಮ ಈಗ ಎಲ್ಲಿದ್ದಾರೆ?"

"ಗಲ್ಫಿಗೆ ಹೋದ. ಆಮೇಲೆ ಈ ಕೆಲಸಕ್ಕೆ ಬರಲಿಲ್ಲ."

ಅವಳು ಅಲ್ಲೇ ಚಿತ್ರವನ್ನು ಹಿಂದಕ್ಕೆ ಓಡಿಸಿದಳು. ಬಾಯಿಯ ಹತ್ತಿರ ಗುರುತುಗಳು ಎಡಕ್ಕೂ ಬಲಕ್ಕೂ ವಾಲಿ ಹೆಣೆದುಕೊಂಡಿವೆ. ಒಂಬತ್ತನೆಯ ಸೆಕೆಂಡಿನಿಂದ ಮುಂದಕ್ಕೆ ಎಲ್ಲವೂ ಬಲಕ್ಕೆ. ಎಡಗಡೆಯ ಪಟ್ಟಿಯಲ್ಲಿ ಬರೆದುಕೊಳ್ಳಬಹುದಾದಷ್ಟು ಸ್ಪಷ್ಟವಾಗಿ ಅದು ಚಿತ್ರದಲ್ಲೇ ಇತ್ತು. ಹೇಳುವವರಿಲ್ಲದೆ ಕಾಣುವಂಥದ್ದು ಮಾತ್ರ ಆಗಿರಲಿಲ್ಲ.

ಮರುದಿನ ಸಂಕಲನವನ್ನು ಮತ್ತೆ ಬಿಚ್ಚಿದೆವು. ದೃಶ್ಯದ ಮೂರನೆಯ ಸೆಕೆಂಡಿಗೆ "ಎಡಕ್ಕೆ ವಾಲಿದ್ದು ತಮ್ಮನ ಪಿಕ್ಕಾಸು" ಎಂದು ಬಂತು. ಒಂಬತ್ತನೆಯ ಸೆಕೆಂಡಿಗೆ ಅವಳು ಇನ್ನೊಂದು ಬರೆದಳು: "ಮುಂದಕ್ಕೆ ಒಬ್ಬರೇ." ಅದು ಕಣ್ಣಿಗೇ ಕಾಣುತ್ತದೆ, ಬೇಡ ಎಂದೆ. ಎಲ್ಲರ ಕಣ್ಣಿಗೂ ಕಾಣುತ್ತದೆಂದು ಏನು ಗ್ಯಾರಂಟಿ, ನಿಮಗೇ ನಲವತ್ತು ಸಲ ಕಾಣಲಿಲ್ಲವಲ್ಲ ಎಂದಳು. ಮಳೆ ಹಿಡಿಯುವವರೆಗೂ ಇದೇ ನಡೆಯಿತು. ಈಗ ಚಿತ್ರದಲ್ಲಿ ಆ ವಾಕ್ಯ ಇಲ್ಲ. ಅವಳ ಹಾಳೆಯ ಬಲಗಡೆ, ನನ್ನ ಕೆಂಪು ಗೆರೆಯ ಕೆಳಗೆ, ಇನ್ನೂ ಇದೆ.